ತೋಟದ ಮಂಜಿನಲ್ಲಿ ತೆಗೆದ ಫೋಟೋ, ಐನ್‌ಮನೆಯ ಕಪ್ಪು ಬಾಗಿಲು: ಕೂದಲ ಸುತ್ತ ಬಿಳಿ ಗೆರೆ ಹೋಗುತ್ತಿಲ್ಲ

ಗೋಣಿಕೊಪ್ಪ ಆಲ್ಬಂ

ಎಲ್ಲರಿಗೂ ನಮಸ್ಕಾರ. ಒಂದು ಕೆಲಸ ಅರ್ಧಕ್ಕೆ ನಿಂತಿದೆ, ಗೊತ್ತಿರುವವರು ದಯವಿಟ್ಟು ದಾರಿ ಹೇಳಿ.

ಒಂದು ಕುಟುಂಬದವರು ಪುತ್ತರಿಗೆ ಐನ್‌ಮನೆಯಲ್ಲಿ ಸೇರಿದಾಗ ಗ್ರೂಪ್ ಫೋಟೋ ತೆಗೆಸಿದ್ದಾರೆ. ಮನೆಯ ಮಗಳೊಬ್ಬಳಿಗೆ ರಜೆ ಸಿಗದೆ ಹಬ್ಬ ಮುಗಿದ ಮೇಲೆ ಬಂದಳು. ಬೆಳಿಗ್ಗೆ ಬೆಳಿಗ್ಗೆ ಮನೆ ಹಿಂದಿನ ಕಾಫಿ ತೋಟದಲ್ಲಿ ನಿಲ್ಲಿಸಿ ಅವಳದ್ದೊಂದು ಫೋಟೋ ತೆಗೆದು, "ಇವಳನ್ನೂ ನಮ್ಮ ಜೊತೆ ನಿಲ್ಲಿಸಿಕೊಡಿ" ಅಂತ ಕೇಳಿದ್ದಾರೆ. 24x36 ಇಂಚು ಪ್ರಿಂಟ್ ಹಾಕಿಸಿ ನಡುಮನೆಯಲ್ಲಿ ತೂಗುಹಾಕುತ್ತಾರಂತೆ.

ಫೋಟೋ ಚೆನ್ನಾಗಿದೆ. ಕ್ಯಾಮೆರಾದ್ದು, 4000x6000, ರಾ ಫೈಲ್ ಕೂಡ ಕೊಟ್ಟಿದ್ದಾರೆ. ಕೊಡವ ಸೀರೆ, ಕೂದಲು ಬಿಟ್ಟಿದ್ದಾಳೆ, ಗುಂಗುರು ಕೂದಲು. ಹಿಂದೆ ಪೂರ್ತಿ ಮಂಜು. ಸೀರೆ ಅಂಚು, ಕೈ, ಭುಜ ಎಲ್ಲ ಸಲೀಸಾಗಿ ಕಟ್ ಆಯಿತು. ಕೂದಲು ಮಾತ್ರ ಆಗುತ್ತಿಲ್ಲ. ಗ್ರೂಪಿನಲ್ಲಿ ಅವಳಿಗೆ ಇರುವ ಜಾಗ ಸರಿಯಾಗಿ ಬಾಗಿಲ ಮುಂದೆ. ಆ ಬಾಗಿಲು ಹಳೇ ಮರದ್ದು, ಹೆಚ್ಚುಕಡಿಮೆ ಕಪ್ಪು.

ಮೊದಲು ಹಿನ್ನೆಲೆ ತೆಗೆಯುವ `rembg` ಹಾಕಿದೆ. ಕೂದಲು ತೊಪ್ಪಿ ಇಟ್ಟ ಹಾಗೆ ಗುಂಡಗೆ ಬಂತು, ಒಂದು ಎಳೆಯೂ ಉಳಿಯಲಿಲ್ಲ. `-a` ಕೊಟ್ಟು ನೋಡಿದೆ, ಅಷ್ಟೇನೂ ಬದಲಾಗಲಿಲ್ಲ. ಆಮೇಲೆ ಫೋಟೋಶಾಪ್‌ನ `Select and Mask`ನಲ್ಲಿ ರಿಫೈನ್ ಬ್ರಷ್ ಎಳೆದೆ. ಎಳೆಗಳು ಬಂದವು, ಆದರೆ ಬಾಗಿಲ ಮೇಲೆ ಇಟ್ಟರೆ ಒಂದೊಂದು ಎಳೆಯೂ ಬೆಳ್ಳಗೆ ಹೊಳೆಯುತ್ತಿದೆ. ಇಪ್ಪತ್ತೈದರ ಹುಡುಗಿಗೆ ನರೆ ಬಂದ ಹಾಗೆ ಕಾಣುತ್ತದೆ. ಅಂಚನ್ನು ಒಳಗೆ ತಳ್ಳಿದರೆ ಮತ್ತೆ ಎಳೆಗಳೇ ಮಾಯ. ಏನು ಮಾಡೋದು?

ಕುಶಾಲನಗರ ಕ್ಲಿಕ್ಸ್

ಇದಕ್ಕೆ ಅಷ್ಟು ಕಷ್ಟ ಯಾಕೆ ಅಣ್ಣ? ಹೀಲಿಂಗ್ ಬ್ರಷ್ ಸಣ್ಣದು ಮಾಡಿಕೊಂಡು ಹಾರಾಡುವ ಎಳೆಗಳನ್ನೆಲ್ಲ ಒರೆಸಿಬಿಡಿ. ಮದುವೆ ಆಲ್ಬಂನಲ್ಲಿ ನಾನು ದಿನಾ ಮಾಡೋದು ಅದೇ. ಕೂದಲು ನೀಟಾಗಿ ಕಾಣುತ್ತದೆ, ಗಿರಾಕಿಗಳಿಗೂ ಇಷ್ಟ.

ಗೋಣಿಕೊಪ್ಪ ಆಲ್ಬಂ

ಇಲ್ಲ ಅಣ್ಣ, ಎಳೆ ತೆಗೆಯೋದು ಬೇಡ, ಎಳೆ ಉಳಿಸಬೇಕು. ಗುಂಗುರು ಕೂದಲಿನ ಹುಡುಗಿ. ಎಲ್ಲ ಒರೆಸಿದರೆ ಅವಳ ಅಮ್ಮನೇ "ಇದು ನಮ್ಮ ಮಗಳಲ್ಲ" ಅಂದಾರು.

ವಿರಾಜಪೇಟೆ ಫ್ಲೆಕ್ಸ್

ಹಿಂದೆ ಬಿಳಿ ಇದ್ದರೆ ಸುಲಭ ಉಪಾಯ ಇದೆ. ಮಾಸ್ಕೇ ಬೇಡ. ಕೂದಲಿನ ಲೇಯರ್ ಒಂದು ಕಾಪಿ ಮಾಡಿ ಬ್ಲೆಂಡ್ ಮೋಡ್ `Multiply` ಇಡಿ. ಬಿಳಿ ತನ್ನಷ್ಟಕ್ಕೇ ಹೋಗುತ್ತದೆ, ಕಪ್ಪು ಕೂದಲು ಉಳಿಯುತ್ತದೆ. ಮೇಲೆ ಮುಖ, ಮೈ ಮಾತ್ರ ಮಾಮೂಲಿ ಮಾಸ್ಕ್ ಹಾಕಿ ಇಡಿ. ಫ್ಲೆಕ್ಸ್ ಕೆಲಸಕ್ಕೆ ಎಷ್ಟೋ ವರ್ಷದಿಂದ ಹೀಗೇ ಮಾಡುತ್ತಿದ್ದೇನೆ, ಯಾರೂ ತಪ್ಪು ತೋರಿಸಿಲ್ಲ.

ಸೋಮವಾರಪೇಟೆ ನೋಡ್ಸ್

ವಿರಾಜಪೇಟೆ ಅಣ್ಣ ಹೇಳಿದ ಉಪಾಯ ಸುಳ್ಳಲ್ಲ. ಹೊಸ ಹಿನ್ನೆಲೆ ಆಕಾಶವೋ, ಹಳದಿ ಫ್ಲೆಕ್ಸೋ ಆಗಿದ್ದರೆ ನಾನೂ ಅದನ್ನೇ ಮಾಡುತ್ತೇನೆ. ಈ ಬಾಗಿಲಿಗೆ ಮಾತ್ರ ಅದು ಒಗ್ಗಲ್ಲ. ಯಾಕೆ ಅಂತ ಒಂದೇ ಒಂದು ಪಿಕ್ಸೆಲ್ ಹಿಡಿದುಕೊಂಡು ಹೇಳುತ್ತೇನೆ. ಬಿಳಿ ಗೆರೆ ಎಲ್ಲಿಂದ ಬಂತು ಅನ್ನೋದೂ ಅದರಲ್ಲೇ ಗೊತ್ತಾಗುತ್ತದೆ.

ಫೋಟೋ ನೂರಕ್ಕೆ ನಾನೂರು ಜೂಮ್ ಮಾಡಿ. ಕಪ್ಪಿಗೆ 0, ಬಿಳಿಗೆ 255 ಅಂತ ಎಣಿಸಿದರೆ ಮಂಜಿನ ಬೆಲೆ ಸುಮಾರು 230 ಇರುತ್ತದೆ, ದಟ್ಟ ಕೂದಲಿನದ್ದು ಸುಮಾರು 40. ಎಳೆಯ ತುದಿಯಲ್ಲಿ ಒಂದು ಪಿಕ್ಸೆಲ್ 182 ಇದೆ ಅಂದುಕೊಳ್ಳಿ. ಅದು ಕೂದಲೂ ಅಲ್ಲ, ಮಂಜೂ ಅಲ್ಲ. ಎಳೆಯ ತುದಿ ಪಿಕ್ಸೆಲ್‌ಗಿಂತ ಸಣ್ಣದು, ಹಾಗಾಗಿ ಎರಡೂ ಅದರೊಳಗೆ ಕಲಸಿಹೋಗಿವೆ. 230ರಿಂದ 40ಕ್ಕೆ ಇಳಿಯಲು 190 ಮೆಟ್ಟಿಲು. ನಮ್ಮ ಪಿಕ್ಸೆಲ್ 48 ಮೆಟ್ಟಿಲು ಇಳಿದಿದೆ. ಅಂದರೆ ಕಾಲು ಭಾಗ ಕೂದಲು, ಮುಕ್ಕಾಲು ಭಾಗ ಮಂಜು. ಕೂದಲಿನ ಆ ಪಾಲೇ ಆಲ್ಫಾ, ಇಲ್ಲಿ 0.25. ಸೂತ್ರದಲ್ಲಿ I ಪಿಕ್ಸೆಲ್, F ಕೂದಲು, B ಹಿನ್ನೆಲೆ:

`I = αF + (1−α)B`

ಈಗ ಮಂಜು ತೆಗೆದು ಬಾಗಿಲು ಇಡೋಣ. ಬಾಗಿಲು 50. ಸರಿಯಾದ ಉತ್ತರ: ಕಾಲು ಭಾಗ 40, ಮುಕ್ಕಾಲು ಭಾಗ 50. ಒಟ್ಟು 48ರ ಹತ್ತಿರ. ಬಾಗಿಲಿಗಿಂತ ಒಂಚೂರು ಕಪ್ಪು, ಅಷ್ಟೇ.

ನಿಮ್ಮ ಫೈಲಿನಲ್ಲಿ ಆಗಿರೋದು ಬೇರೆ. ಆಲ್ಫಾ 0.25 ಅಂತ ಸರಿಯಾಗೇ ಬಂದಿದೆ, ಆದರೆ ಬಣ್ಣ ಹಳೇದೇ ಉಳಿದಿದೆ, 182. ಆಗ ಲೆಕ್ಕ ಕಾಲು ಭಾಗ 182, ಮುಕ್ಕಾಲು ಭಾಗ 50. ಒಟ್ಟು 83. ಬಾಗಿಲು 50, ಎಳೆ 83. ಅದೇ ನಿಮ್ಮ ನರೆಗೂದಲು. ಮಾಸ್ಕ್ ತಪ್ಪಿಲ್ಲ ಅಣ್ಣ. ಎಳೆಯ ಬಣ್ಣದೊಳಗೆ ಮಂಜು ಕೂತಿದೆ, ಅದನ್ನು ತೆಗೆದಿಲ್ಲ. `Select and Mask`ನಲ್ಲಿ `Decontaminate Colors` ಟಿಕ್ ಮಾಡಿದ್ದಿರಾ?

ಇನ್ನು `Multiply`. 182ನ್ನು 255ರಿಂದ ಭಾಗಿಸಿ 50ರಿಂದ ಗುಣಿಸಿದರೆ 36. ತುದಿ ಇರಬೇಕಾದ್ದಕ್ಕಿಂತ ಕಪ್ಪಾಯಿತು. ದಟ್ಟ ಕೂದಲು ಇರುವ ಕಡೆ 40 ಹೋಗಿ 8 ಆಗುತ್ತದೆ. ತಲೆಯ ಮೇಲೆ ಮಾಮೂಲಿ ಮಾಸ್ಕಿನ ಕೂದಲು 40, ಅದರ ಪಕ್ಕದಲ್ಲೇ 8. ಎರಡು ಸೇರುವಲ್ಲಿ ಗೆರೆ ಎದ್ದು ಕಾಣುತ್ತದೆ. ಮಂಜೂ 255 ಅಲ್ಲ, 230. ಅಂದರೆ ಬಾಗಿಲು ಕೂಡ 45ಕ್ಕೆ ಇಳಿದು ಲೇಯರ್ ಇರುವಷ್ಟು ಜಾಗ ಮಸಿ ಬಳಿದ ಹಾಗೆ ಆಗುತ್ತದೆ. ಅದನ್ನು ಲೆವೆಲ್ಸ್‌ನಲ್ಲಿ ಸರಿಮಾಡಬಹುದು, ಕೂದಲಿನ ಗೆರೆಯನ್ನು ಆಗಲ್ಲ.

ವಿರಾಜಪೇಟೆ ಫ್ಲೆಕ್ಸ್

ಸರಿ ಅಕ್ಕ, ಒಪ್ಪಿದೆ. ನನಗೆ ಬರೋ ಕೆಲಸದಲ್ಲಿ ಹಿನ್ನೆಲೆ ಯಾವಾಗಲೂ ತಿಳಿ ಬಣ್ಣ. ಕಪ್ಪು ಬಾಗಿಲ ಮೇಲೆ ನಾನು ಹಾಕಿ ನೋಡಿಲ್ಲ.

ಆದರೂ ಒಂದು ಕೇಳಲಾ? ಗ್ರೂಪಿನಲ್ಲಿ ಹುಡುಗಿ ಸಣ್ಣಗೆ ಬರುತ್ತಾಳೆ. ತಲೆ ಕಾಲು ಭಾಗಕ್ಕೆ ಇಳಿಯುತ್ತದೆ. ಅಷ್ಟು ಸಣ್ಣದಾದ ಮೇಲೆ ಎಳೆ ಯಾರಿಗೆ ಕಾಣುತ್ತದೆ?

ಸೋಮವಾರಪೇಟೆ ನೋಡ್ಸ್

ಒಂದೊಂದೇ ಎಳೆ ಕಾಣಲ್ಲ, ನಿಜ. ಆದರೆ ಬಿಳಿ ಗೆರೆ ಬರೀ ಎಳೆಯ ಮೇಲೆ ಇರೋದಲ್ಲ, ತಲೆಯ ಸುತ್ತ ಪಟ್ಟಿಯ ಹಾಗೆ ಇರುತ್ತದೆ. ಸಣ್ಣದು ಮಾಡಿದರೆ ನೂರು ಎಳೆಯ ಬಿಳಿ ಒಟ್ಟು ಸೇರಿ ಒಂದು ಹೊಗೆಯಂಥ ಅಂಚಾಗುತ್ತದೆ. 36 ಇಂಚಿನ ಪ್ರಿಂಟ್ ಅನ್ನು ಕೋಣೆಯ ಆಚೆ ತುದಿಯಿಂದ ನೋಡಿದರೂ ಅದು ಗೊತ್ತಾಗುತ್ತದೆ. ಅದಕ್ಕೇ ಕೆಲಸವನ್ನು ದೊಡ್ಡ ಫೈಲಿನಲ್ಲೇ ಮುಗಿಸಿ, ಕೊನೆಗೆ ಸಣ್ಣದು ಮಾಡಿ.

ಗೋಣಿಕೊಪ್ಪ ಆಲ್ಬಂ

ಅಕ್ಕ, 83ರ ಲೆಕ್ಕ ನೋಡಿ ವಿಷಯ ತಲೆಗೆ ಹೋಯಿತು. `Decontaminate Colors` ಟಿಕ್ ಮಾಡಿರಲಿಲ್ಲ. ಅದು ಹೊಸ ಲೇಯರ್ ಮಾಡಿಬಿಡುತ್ತದೆ, ನನಗೆ ಮಾಸ್ಕ್ ಬೇಕಿತ್ತು, ಹಾಗಾಗಿ ಬಿಟ್ಟಿದ್ದೆ. ಈಗ ಹಾಕಿ ನೋಡಿದೆ. ಬಿಳಿ ಬಹಳ ಕಡಿಮೆಯಾಗಿದೆ. ಆದರೆ ಕೆಲವು ಕಡೆ ಎಳೆಗಳ ನಡುವೆ ಬೂದು ಮಬ್ಬು ಉಳಿದಿದೆ. ಮತ್ತೆ `rembg -a` ಯಾಕೆ ಕೆಲಸ ಮಾಡಲಿಲ್ಲ? ಅದರಲ್ಲೂ ಆಲ್ಫಾ ಮ್ಯಾಟಿಂಗ್ ಇದೆ ಅಂತ ಓದಿದ್ದೆ.

ಪೈಥಾನ್ ಪೊನ್ನಂಪೇಟೆ

`rembg` ವಿಷಯ ನಾನು ಹೇಳುತ್ತೇನೆ, ಅದರ ಒಳಗಿನ ಕೋಡ್ ಓದಿದ್ದೇನೆ.

ಡೀಫಾಲ್ಟ್ ಮಾಡೆಲ್ `u2net`. ಅದು ನಿಮ್ಮ ಫೋಟೋವನ್ನು ಮೊದಲು 320x320ಕ್ಕೆ ಇಳಿಸುತ್ತದೆ. 6000 ಹೋಗಿ 320. ಅಂದರೆ ಮಾಸ್ಕಿನ ಒಂದು ಚುಕ್ಕೆ ಅಂದರೆ ನಿಮ್ಮ ಫೋಟೋದಲ್ಲಿ ಉದ್ದಕ್ಕೆ ಸುಮಾರು 19 ಪಿಕ್ಸೆಲ್, ಅಗಲಕ್ಕೆ 12. ಎಳೆ ಇರೋದು ಒಂದೆರಡು ಪಿಕ್ಸೆಲ್. ಅದಕ್ಕೆ ಎಳೆ ಕಾಣಿಸುವುದೇ ಇಲ್ಲ. ಆಮೇಲೆ ಆ ಪುಟ್ಟ ಮಾಸ್ಕನ್ನು ಹಿಗ್ಗಿಸಿ ಕೊಡುತ್ತದೆ. ತೊಪ್ಪಿ ಬಂದಿದ್ದು ಹಾಗೆ.

`-a` ಕೊಟ್ಟಾಗ ಆ ಮಾಸ್ಕಿನ ಅಂಚಿನಲ್ಲಿ "ಇದು ಗೊತ್ತಿಲ್ಲ" ಅನ್ನುವ ಪಟ್ಟಿ ಮಾಡಿಕೊಂಡು, ಆ ಪಟ್ಟಿಯೊಳಗೆ ಮಾತ್ರ ಆಲ್ಫಾ ಹುಡುಕುತ್ತದೆ. ಆ ಪಟ್ಟಿಯನ್ನು ಎಷ್ಟು ಹಿಗ್ಗಿಸಬೇಕು ಅನ್ನೋದು `-ae`, ಡೀಫಾಲ್ಟ್ 10. ಮಾಸ್ಕಿನ ಒಂದು ಚುಕ್ಕೆಯೇ 19 ಪಿಕ್ಸೆಲ್, ಪಟ್ಟಿ ಹಿಗ್ಗೋದು ಅದಕ್ಕಿಂತ ಕಡಿಮೆ! ಅದರಾಚೆ ಹಾರುವ ಎಳೆಯನ್ನು ಅದು ಮೊದಲೇ "ಹಿನ್ನೆಲೆ" ಅಂತ ಬರೆದಿಟ್ಟಾಗಿದೆ. ಸಣ್ಣ ಫೋಟೋಗೆ 10 ಸಾಕು, 24 ಮೆಗಾಪಿಕ್ಸೆಲ್‌ಗೆ ಸಾಲಲ್ಲ.

ಅದರ ಬದಲು ಖಂಡಿತ ಹುಡುಗಿ, ಖಂಡಿತ ಹಿನ್ನೆಲೆ, ಗೊತ್ತಿಲ್ಲ ಅಂತ ಮೂರು ಭಾಗ ಮಾಡಿದ ನಕ್ಷೆಯನ್ನು, ಅಂದರೆ ಟ್ರೈಮ್ಯಾಪ್ ಅನ್ನು, ನೀವೇ ಮಾಡಿಕೊಳ್ಳಿ. ಮೊದಲು ತಲೆಯ ಸುತ್ತ 1600x1600 ಕ್ರಾಪ್ ತೆಗೆಯಿರಿ. ಆ ಕ್ರಾಪ್ ಕೊಟ್ಟರೆ ಮಾಸ್ಕಿನ ಚುಕ್ಕೆ 5 ಪಿಕ್ಸೆಲ್‌ಗೆ ಇಳಿಯುತ್ತದೆ. ಆಮೇಲೆ:

```python
import cv2, numpy as np

m = cv2.imread("mask.png", 0)

def disk(r):
    return cv2.getStructuringElement(
        cv2.MORPH_ELLIPSE, (2*r+1, 2*r+1))

olage = cv2.erode((m > 240).astype(np.uint8), disk(25))
horage = cv2.dilate((m > 10).astype(np.uint8), disk(90))

tri = np.full(m.shape, 128, np.uint8)
tri[olage == 1] = 255
tri[horage == 0] = 0
cv2.imwrite("trimap.png", tri)
```

ಒಳಗೆ 25, ಹೊರಗೆ 90. ಎಳೆ ಹಾರೋದು ಹೊರಗಡೆ ತಾನೇ, ಆ ಕಡೆ ಜಾಸ್ತಿ ಜಾಗ ಕೊಡಬೇಕು. ಎರಡೂ ಕಡೆ ಒಂದೇ ಅಳತೆ ಇಟ್ಟರೆ ಹಣೆ, ಕೆನ್ನೆ ಎಲ್ಲ ಸುಮ್ಮನೆ "ಗೊತ್ತಿಲ್ಲ" ಪಟ್ಟಿಗೆ ಸೇರಿಬಿಡುತ್ತವೆ.

ಆಮೇಲೆ `pymatting`:

```python
from pymatting import *

img = load_image("crop.png", "RGB")
tri = load_image("trimap.png", "GRAY")
alpha = estimate_alpha_cf(img, tri)
fg = estimate_foreground_ml(img, alpha)
save_image("cut.png", stack_images(fg, alpha))
```

ಕೊನೆಯಿಂದ ಎರಡನೇ ಸಾಲು ಬಿಡಬೇಡಿ. ಅಕ್ಕ ಹೇಳಿದ 182ನ್ನು 40 ಮಾಡುವುದು ಆ ಸಾಲೇ. ಪೂರ್ತಿ 24 ಮೆಗಾಪಿಕ್ಸೆಲ್ ಕೊಡಲು ಹೋಗಬೇಡಿ, 8 ಜಿಬಿ ಲ್ಯಾಪ್‌ಟಾಪಿನ ಮೆಮೊರಿ ಸಾಲಲ್ಲ.

ಸೋಮವಾರಪೇಟೆ ನೋಡ್ಸ್

ಚೆನ್ನಾಗಿ ಹೇಳಿದಿರಿ. ಒಂದು ಸೇರಿಸುತ್ತೇನೆ. ಕೋಡ್ ಕೊಟ್ಟ ಟ್ರೈಮ್ಯಾಪನ್ನು ಹಾಗೇ ಬಳಸಬೇಡಿ. ತೆರೆದು ನೋಡಿ, ಕೈಯಿಂದ ತಿದ್ದಿ. ಆ ಬೂದು ಮಬ್ಬಿನ ಮೂಲ ಅಲ್ಲೇ ಇದೆ.

ಗುಂಗುರು ಕೂದಲಿನಲ್ಲಿ ಸುರುಳಿಗಳ ನಡುವೆ ಸಣ್ಣ ಸಣ್ಣ ಕಿಂಡಿಗಳು ಇರುತ್ತವೆ, ಅದರಲ್ಲಿ ಮಂಜು ಕಾಣುತ್ತದೆ. 90 ಪಿಕ್ಸೆಲ್ ಹಿಗ್ಗಿಸಿದಾಗ ಆ ಕಿಂಡಿಗಳೆಲ್ಲ ಪಟ್ಟಿಯೊಳಗೆ ಮುಚ್ಚಿಹೋಗುತ್ತವೆ. ಅಲ್ಲಿ "ಇದು ಖಂಡಿತ ಹಿನ್ನೆಲೆ" ಅಂತ ಹೇಳುವ ಒಂದು ಚುಕ್ಕೆಯೂ ಉಳಿಯಲ್ಲ. ಕ್ಲೋಸ್ಡ್ ಫಾರ್ಮ್ ವಿಧಾನ, ಅಂದರೆ ಕೋಡಿನ `cf`, 2006ರಲ್ಲಿ ಲೆವಿನ್, ಲಿಶಿನ್ಸ್ಕಿ, ವೈಸ್ ಕೊಟ್ಟಿದ್ದು. ಅದು ಅಕ್ಕಪಕ್ಕದ ಪಿಕ್ಸೆಲ್‌ಗಳಿಂದ ಸುದ್ದಿ ಹರಡಿಸಿಕೊಂಡು ಹೋಗುತ್ತದೆ. ಕಿಂಡಿಯ ಸುತ್ತ ಕೂದಲಿನ ಬೇಲಿ ಇದ್ದರೆ ಹೊರಗಿನ ಸುದ್ದಿ ಒಳಗೆ ಬರಲ್ಲ. ಆಗ ಕಿಂಡಿಗೆ 0 ಬದಲು 0.2, 0.3 ಅಂತ ಏನೋ ಒಂದು ಬೀಳುತ್ತದೆ. ಅದೇ ಮಬ್ಬು.

ಮದ್ದು ಸುಲಭ. ಟ್ರೈಮ್ಯಾಪಿನಲ್ಲಿ ದೊಡ್ಡ ಕಿಂಡಿಗಳ ನಡುವೆ ಸಣ್ಣ ಗಟ್ಟಿ ಬ್ರಷ್‌ನಲ್ಲಿ ಒಂದೊಂದು ಕಪ್ಪು ಚುಕ್ಕೆ ಇಡಿ. ಬ್ರಷ್ ಮೆತ್ತಗಿರಬಾರದು, ಟ್ರೈಮ್ಯಾಪಿನಲ್ಲಿ 0, 128, 255 ಮೂರೇ ಬೆಲೆ ಇರಲಿ. ಹಾಗೇ ಜಡೆಯಷ್ಟು ದಪ್ಪ ಇರುವ ಸುರುಳಿಯ ನಡುವೆ ಬಿಳಿ ಗೆರೆ ಎಳೆಯಿರಿ. ಎಲ್ಲ ಕಿಂಡಿಗೂ ಬೇಕಿಲ್ಲ.

ಆದ ಮೇಲೆ ಸರಿ ಬಂದಿದೆಯಾ ಅಂತ ತಿಳಿಯಲು ಬಾಗಿಲ ಮೇಲೆ ಇಟ್ಟು ನೋಡಬೇಡಿ. ಕಪ್ಪು ಮೇಲೆ ಕಪ್ಪು ಕೂದಲು, ಅರ್ಧ ತಪ್ಪು ಮುಚ್ಚಿಹೋಗುತ್ತದೆ. ನಾನು ಮಾಡೋದು ಹೀಗೆ. ಕಟ್ ಮಾಡಿದ ಹುಡುಗಿಯನ್ನು ಮತ್ತೆ ಮಂಜಿನ ಬಣ್ಣದ ಮೇಲೆ, 230ರ ಬೂದು ಬಣ್ಣದ ಮೇಲೆ, ಇಟ್ಟು ಮೂಲ ಫೋಟೋ ಜೊತೆ ಹೋಲಿಸುತ್ತೇನೆ. ಆಲ್ಫಾ, ಬಣ್ಣ ಎರಡೂ ಸರಿ ಇದ್ದರೆ ಎರಡು ಚಿತ್ರ ಹೆಚ್ಚುಕಡಿಮೆ ಒಂದೇ ಆಗಿರಬೇಕು. ಎಳೆ ತೆಳ್ಳಗಾಗಿದ್ದರೆ ಆಲ್ಫಾ ಕಡಿಮೆ ಬಂದಿದೆ. ಅದಾದ ಮೇಲೆ ಗಾಢ ಕೆಂಪು ಮೇಲೆ ಇಡುತ್ತೇನೆ. ಉಳಿದ ಮಂಜು ಅಲ್ಲಿ ಬೆಳ್ಳಗೆ ಎದ್ದು ಕೂಗುತ್ತದೆ.

ಶನಿವಾರಸಂತೆ

ನನ್ನದೊಂದು ಕೇಳಿಬಿಡುತ್ತೇನೆ, ಇದಕ್ಕೆ ಹತ್ತಿರದ್ದೇ. ನಮ್ಮ ಅಜ್ಜಿಯ ಫೋಟೋ. ಬೆಳಿಗ್ಗೆ ಅಂಗಳದಲ್ಲಿ ಕೂತಿದ್ದಾಗ ತೆಗೆದದ್ದು, ಹಿಂದೆ ಮಂಜು. ಅಜ್ಜಿಯದು ಪೂರ್ತಿ ಬೆಳ್ಳಿ ಕೂದಲು. ಅಜ್ಜ ಇದ್ದಾಗಿನ ಫೋಟೋ ಪಕ್ಕ ಅವರನ್ನು ಕೂರಿಸಬೇಕು. ಇದೇ ಕೋಡ್ ಹಾಕಿದೆ. ಒಂದು ಕಡೆ ಕೂದಲು ತೂತು ತೂತು, ಇನ್ನೊಂದು ಕಡೆ ಮಂಜೂ ಕೂದಲಾಗಿ ಬಂದಿದೆ. ಟ್ರೈಮ್ಯಾಪ್ ಸರಿಯಾಗೇ ಇದೆ ಅನ್ನಿಸುತ್ತದೆ.

ಸೋಮವಾರಪೇಟೆ ನೋಡ್ಸ್

ಇದು ನಿಜವಾಗಿ ಕಷ್ಟದ್ದು. ಮೇಲಿನ ಲೆಕ್ಕವನ್ನೇ ಮತ್ತೆ ನೋಡಿ. ಆ ಹುಡುಗಿಗೆ ಮಂಜಿಗೂ ಕೂದಲಿಗೂ 190 ಮೆಟ್ಟಿಲ ಅಂತರ. ನಿಮ್ಮ ಅಜ್ಜಿಯ ಕೂದಲು 210 ಇದ್ದರೆ ಅಂತರ 20 ಮಾತ್ರ. ಕ್ಯಾಮೆರಾದ ನಾಯ್ಸ್ ಆಚೆಗೆ 4, ಈಚೆಗೆ 4 ಅಲುಗಿದರೂ ಹುಡುಗಿಯ ಆಲ್ಫಾ 0.02 ಅಲುಗುತ್ತದೆ, ಗೊತ್ತೇ ಆಗಲ್ಲ. ಅಜ್ಜಿಯ ಆಲ್ಫಾ 0.2 ಅಲುಗುತ್ತದೆ. ತೂತು ಬಂದಿದ್ದು ಅದಕ್ಕೇ. ಫೋಟೋದಲ್ಲಿ ಇಲ್ಲದ ಮಾಹಿತಿಯನ್ನು ಯಾವ ವಿಧಾನವೂ ಹುಡುಕಿ ಕೊಡಲಾರದು.

ಬಣ್ಣದಲ್ಲಿ ಏನಾದರೂ ವ್ಯತ್ಯಾಸ ಇದೆಯಾ ನೋಡಿ. ಮಂಜು ಸ್ವಲ್ಪ ನೀಲಿ, ಕೂದಲು ಸ್ವಲ್ಪ ಹಳದಿ ಇದ್ದರೆ ನೀಲಿ ಚಾನೆಲ್‌ನಲ್ಲಿ ಅಂತರ ಜಾಸ್ತಿ ಇರಬಹುದು. ರಾ ಫೈಲ್ ಇದೆಯಾ?

ಶನಿವಾರಸಂತೆ

ಇಲ್ಲ ಅಕ್ಕ, ಫೋನಿನದ್ದು. ಪೋರ್ಟ್ರೇಟ್ ಮೋಡ್. ವಾಟ್ಸಾಪ್‌ನಲ್ಲಿ ಕಳಿಸಿದ್ದರು.

ಸೋಮವಾರಪೇಟೆ ನೋಡ್ಸ್

ಹಾಗಾದರೆ ಎರಡು ಏಟು ಬಿದ್ದಿದೆ. ಪೋರ್ಟ್ರೇಟ್ ಮೋಡ್ ಅಂದರೆ ಫೋನೇ ಒಂದು ಮಾಸ್ಕ್ ಮಾಡಿ ಹಿಂದಿನದ್ದನ್ನು ಮಸುಕು ಮಾಡಿರುತ್ತದೆ. ಆ ಮಾಸ್ಕ್ ಕೂಡ ಒರಟು, ಹಾಗಾಗಿ ಹೊರಗಿನ ಎಳೆಗಳು ಮಂಜಿನ ಜೊತೆಗೇ ಮಸುಕಾಗಿ ಕರಗಿಹೋಗಿರುತ್ತವೆ. ಅದರ ಮೇಲೆ ವಾಟ್ಸಾಪ್ ಚಿತ್ರವನ್ನು ಸಣ್ಣದು ಮಾಡಿ ಒತ್ತಿರುತ್ತದೆ. ಜೆಪೆಗ್ ಹಾಗೆ ಒತ್ತುವಾಗ ಬೆಳಕಿಗಿಂತ ಬಣ್ಣವನ್ನು ಜಾಸ್ತಿ ಕಳೆಯುತ್ತದೆ. ನಮಗೆ ಬೇಕಿದ್ದದ್ದೇ ಬಣ್ಣದ ಆ ಸಣ್ಣ ಅಂತರ.

ತೆಗೆದವರ ಫೋನಿನಲ್ಲಿ ಮೂಲ ಇದ್ದರೆ ಕೇಳಿ. ಕೆಲವು ಫೋನ್‌ಗಳಲ್ಲಿ ಎಡಿಟ್‌ಗೆ ಹೋಗಿ ಆ ಮಸುಕನ್ನು ತೆಗೆಯಬಹುದು. ಆಮೇಲೆ ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ. ಅದೂ ಇಲ್ಲ ಅಂದರೆ, ಹೊಸ ಹಿನ್ನೆಲೆಯನ್ನೇ ತಲೆಯ ಹಿಂದೆ ತಿಳಿ ಬಣ್ಣ ಇರುವ ಹಾಗೆ ಆರಿಸಿ. ಬಿಳಿ ಗೋಡೆ ಮುಂದೆ ಕೂರಿಸಿದರೆ ಒರಟು ಮಾಸ್ಕ್ ಕೂಡ ನಡೆಯುತ್ತದೆ.

ಶನಿವಾರಸಂತೆ

ಅಜ್ಜನ ಫೋಟೋ ಹಿಂದೆ ಸುಣ್ಣದ ಗೋಡೆ ಇದೆ! ಅದು ಹೊಳೆದೇ ಇರಲಿಲ್ಲ. ಮಾವನ ಫೋನಿನಲ್ಲಿ ಮೂಲವನ್ನೂ ಹುಡುಕುತ್ತೇನೆ.

ಕುಶಾಲನಗರ ಕ್ಲಿಕ್ಸ್

ಗೋಣಿಕೊಪ್ಪ ಅಣ್ಣ, ಎಳೆ ಉಳಿಸೋದು ಅಂತ ಈಗ ಅರ್ಥವಾಯಿತು. ಫೋಟೋ ತೆಗೆಯುವವನಾಗಿ ಒಂದು ಅನುಮಾನ. ಮತ್ತೆ ಇಂಥ ಕೆಲಸ ಬಂದರೆ ಟ್ರೈಪಾಡ್ ಇಟ್ಟು ಹುಡುಗಿ ಇರುವ ಒಂದು, ಇಲ್ಲದ ಒಂದು ತೆಗೆದರೆ ಸಾಕಾಗಲ್ವಾ? ಹಿನ್ನೆಲೆ ಏನು ಅಂತ ಗೊತ್ತಾದ ಮೇಲೆ ಕಳೆಯೋದು ಸುಲಭ ಅಲ್ವಾ?

ಸೋಮವಾರಪೇಟೆ ನೋಡ್ಸ್

ಯೋಚನೆ ಬಹಳ ಸರಿ. ಒಂದು ಪಿಕ್ಸೆಲ್‌ಗೆ ನಮಗೆ ಗೊತ್ತಿರೋದು ಮೂರು ಸಂಖ್ಯೆ, ಕೆಂಪು ಹಸಿರು ನೀಲಿ. ಗೊತ್ತಿಲ್ಲದ್ದು ಏಳು: ಕೂದಲಿನ ಮೂರು, ಹಿನ್ನೆಲೆಯ ಮೂರು, ಆಲ್ಫಾ ಒಂದು. ಖಾಲಿ ಫೋಟೋ ಇದ್ದರೆ ಏಳರಲ್ಲಿ ಮೂರು ತೀರಿತು. ಒಳಾಂಗಣದಲ್ಲಿ ನಾನು ಅದನ್ನೇ ಮಾಡಿಸುತ್ತೇನೆ, ಎಕ್ಸ್‌ಪೋಶರ್, ಫೋಕಸ್, ವೈಟ್ ಬ್ಯಾಲೆನ್ಸ್ ಎಲ್ಲ ಲಾಕ್ ಮಾಡಿ.

ನಮ್ಮ ಮಂಜಿನಲ್ಲಿ ಅದು ಸುಲಭವಲ್ಲ. ಹುಡುಗಿ ಪಕ್ಕಕ್ಕೆ ಸರಿಯುವಷ್ಟರಲ್ಲಿ ಮಂಜು ಒಂದಿಷ್ಟು ಸರಿದಿರುತ್ತದೆ, ಹಿಂದೆ ಇಲ್ಲದ ಸಿಲ್ವರ್ ಮರ ಎದ್ದು ನಿಂತಿರುತ್ತದೆ. ಬಿಸಿಲು ಏರಿ ಮಂಜು ಹೋದ ಮೇಲೆ ತೋಟದಲ್ಲಿ ತೆಗೆಯೋದಾದರೂ ಎಲೆ ಅಲುಗುತ್ತದೆ. ತೋಟಕ್ಕಿಂತ ಮನೆಯ ಗೋಡೆ ಮುಂದೆ, ಗೋಡೆಯಿಂದ ಎರಡು ಮೀಟರ್ ಮುಂದಕ್ಕೆ ನಿಲ್ಲಿಸಿ ತೆಗೆಯಿರಿ. ಆ ಐನ್‌ಮನೆ ಬಾಗಿಲಿಗೇ ಸೇರಿಸೋದಾದರೆ ಕಂದು ಗೋಡೆ ಸಿಕ್ಕಿದರೆ ಇನ್ನೂ ಒಳ್ಳೇದು. ಹಳೇ ಹಿನ್ನೆಲೆ ಹೊಸದರ ಹತ್ತಿರ ಇದ್ದಷ್ಟೂ ಉಳಿದ ಕಲೆ ಕಾಣಲ್ಲ.

ಪೈಥಾನ್ ಪೊನ್ನಂಪೇಟೆ

ಅಕ್ಕ, ಒಂದು ವಿಷಯದಲ್ಲಿ ನನಗೆ ಒಪ್ಪಿಗೆ ಇಲ್ಲ. 182ರಿಂದ 0.25 ಅಂತ ತೆಗೆದಿರಿ. ಆ ಸಂಖ್ಯೆಗಳು ಎಸ್‌ಆರ್‌ಜಿಬಿ ಬೆಲೆಗಳು, ಬೆಳಕಿನ ಅಳತೆ ಅಲ್ಲ. ಲೆನ್ಸಿನೊಳಗೆ ಕೂದಲೂ ಮಂಜೂ ಬೆರೆಯೋದು ಬೆಳಕಾಗಿ. ಮೂರನ್ನೂ ಬೆಳಕಿನ ಅಳತೆಗೆ, ಅಂದರೆ ಲೀನಿಯರ್‌ಗೆ, ತಿರುಗಿಸಿ ಅದೇ ಲೆಕ್ಕ ಮಾಡಿದೆ. ಆಲ್ಫಾ 0.42 ಬಂತು. ಕಾಲು ಭಾಗ ಎಲ್ಲಿ, ನೂರಕ್ಕೆ ನಲವತ್ತೆರಡು ಎಲ್ಲಿ! ಎಳೆಯ ದಪ್ಪವೇ ಬದಲಾಯಿತು. ಲೀನಿಯರ್‌ಗೆ ತಿರುಗಿಸಿಯೇ ಮ್ಯಾಟಿಂಗ್ ಮಾಡಬೇಕು ಅನ್ನೋದು ನನ್ನ ಅಭಿಪ್ರಾಯ.

ಸೋಮವಾರಪೇಟೆ ನೋಡ್ಸ್

ಬೆಳಕಿನ ವಿಷಯ ನೀವು ಹೇಳಿದ್ದು ಸರಿ. ಆದರೆ ನನ್ನ ಅನುಭವದಲ್ಲಿ ಪೆಟ್ಟು ಬೀಳೋದು ಎರಡನ್ನೂ ಬೆರೆಸಿದಾಗ. 8 ಬಿಟ್ ಫೋಟೋಶಾಪ್ ಫೈಲ್ ಸಾಮಾನ್ಯವಾಗಿ ಎಸ್‌ಆರ್‌ಜಿಬಿ ಬೆಲೆಗಳಲ್ಲೇ ಬೆರೆಸುತ್ತದೆ. ಅಲ್ಲಿಗೆ ಎಸ್‌ಆರ್‌ಜಿಬಿಯಲ್ಲಿ ತೆಗೆದ ಆಲ್ಫಾ ಕೊಟ್ಟರೆ ಹೊಂದುತ್ತದೆ. ಬ್ಲೆಂಡರ್‌ನ ಕಂಪಾಸಿಟರ್ ಲೀನಿಯರ್‌ನಲ್ಲಿ ಬೆರೆಸುತ್ತದೆ. ಅದೇ ಆಲ್ಫಾವನ್ನು ಅಲ್ಲಿಗೆ ಒಯ್ದರೆ ತಿಳಿ ಹಿನ್ನೆಲೆ ಮೇಲೆ ಕಪ್ಪು ಎಳೆ ಸೊರಗಿಹೋಗುತ್ತದೆ. ಅರ್ಧ ಕೂದಲು, ಅರ್ಧ ಮಂಜು ಇರುವ ಪಿಕ್ಸೆಲ್ ಒಂದರಲ್ಲಿ 135 ಬರಬೇಕಾದ ಕಡೆ 171 ಬರುತ್ತದೆ.

ಕಪ್ಪು ಬಾಗಿಲ ಮೇಲೆ ಈ ಜಗಳಕ್ಕೆ ಬೆಲೆ ಇಲ್ಲ. ಎಳೆ 40, ಬಾಗಿಲು 50. ಹೇಗೆ ಬೆರೆಸಿದರೂ ಉತ್ತರ ಇವೆರಡರ ನಡುವೆಯೇ. ಹೊಸ ಹಿನ್ನೆಲೆ ಆಕಾಶ ಆಗಿದ್ದರೆ ನಿಮ್ಮ ಮಾತು ಮುಖ್ಯ.

ಪೈಥಾನ್ ಪೊನ್ನಂಪೇಟೆ

ಆದರೂ ಲೀನಿಯರ್‌ನಲ್ಲಿ ಶುರುಮಾಡಿದರೆ ಯಾವ ಹಿನ್ನೆಲೆಗಾದರೂ ಅದೇ ಕಟ್ ನಡೆಯುತ್ತದಲ್ವಾ?

ಸೋಮವಾರಪೇಟೆ ನೋಡ್ಸ್

ಕೊನೇವರೆಗೂ ಲೀನಿಯರ್‌ನಲ್ಲೇ ಇದ್ದರೆ ನಡೆಯುತ್ತದೆ. ಆದರೆ ಲೀನಿಯರ್‌ನಲ್ಲಿ ಕಪ್ಪು ಬಣ್ಣಗಳೆಲ್ಲ ಸೊನ್ನೆಯ ಹತ್ತಿರ ಒತ್ತಿಕೊಂಡಿರುತ್ತವೆ. ಕಪ್ಪು ಕೂದಲಿಗೂ ಹಿಂದಿನ ಕಪ್ಪು ಕೊಂಬೆಗೂ ಇರುವ ಸಣ್ಣ ಅಂತರ ಅಲ್ಲಿ ಇನ್ನೂ ಸಣ್ಣದಾಗುತ್ತದೆ, ಮ್ಯಾಟಿಂಗ್ ಅದನ್ನು ಬೇರೆ ಮಾಡಲು ಒದ್ದಾಡುತ್ತದೆ. ಹಾಗಾಗಿ ನಾನು ಎಸ್‌ಆರ್‌ಜಿಬಿ ಬಿಟ್ಟಿಲ್ಲ. ನೀವು ಎರಡೂ ಮಾಡಿ ಇಲ್ಲಿ ಹಾಕಿ, ನೋಡೋಣ.

ಗೋಣಿಕೊಪ್ಪ ಆಲ್ಬಂ

ನೀವಿಬ್ಬರೂ ಮಾತಾಡುವಷ್ಟರಲ್ಲಿ ನಾನು ಮಾಡಿಬಿಟ್ಟೆ. ನಡುವೆ ಕರೆಂಟ್ ಹೋಗಿ ಬಂತು, ಅದಕ್ಕೆ ತಡ.

ರಾದಿಂದ ಶಾರ್ಪನಿಂಗ್ ಸೊನ್ನೆ ಇಟ್ಟು ಪಿಎನ್‌ಜಿ ತೆಗೆದೆ. ತಲೆ ಕ್ರಾಪ್ ಮಾಡಿ ಮಾಸ್ಕ್, ಟ್ರೈಮ್ಯಾಪ್, ಕಿಂಡಿಗಳಿಗೆ ಕಪ್ಪು ಚುಕ್ಕೆ. ಮಬ್ಬು ಹೋಯಿತು. 230ರ ಬೂದು ಬಣ್ಣದ ಮೇಲೆ ಇಟ್ಟು ಮೂಲದ ಜೊತೆ ಹೋಲಿಸಿದೆ, ಎಳೆ ಎಳೆಯೂ ಕೂತಿದೆ. ಕೆಂಪು ಮೇಲೆ ಕೂಡ ಬಿಳಿ ಇಲ್ಲ. ಬಾಗಿಲ ಮೇಲೆ ಇಟ್ಟಾಗ ನನಗೇ ನಂಬಿಕೆ ಬರಲಿಲ್ಲ.

ಉಳಿದಿರೋದು ಎರಡು. ಒಂದು, ಬಲಗಡೆ ಕಿವಿಯ ಹತ್ತಿರ ಹಿಂದೆ ಒಂದು ಕಾಫಿ ಗಿಡದ ರೆಕ್ಕೆ ಮಂಜಿನಿಂದ ಹೊರಗೆ ಬಂದಿದೆ. ಅಲ್ಲಿ ಎಲೆಯ ಅಂಚೂ ಕೂದಲಾಗಿ ಬಂದಿದೆ. ಎರಡು, ಬಾಗಿಲ ಮೇಲೆ ತುದಿಯ ಎಳೆಗಳು ಈಗ ಕಾಣುವುದೇ ಇಲ್ಲ. ಇಷ್ಟು ಕಷ್ಟಪಟ್ಟು ಉಳಿಸಿದ್ದು!

ಸೋಮವಾರಪೇಟೆ ನೋಡ್ಸ್

ಶಾರ್ಪನಿಂಗ್ ತೆಗೆದದ್ದು ಬಹಳ ಒಳ್ಳೇದಾಯಿತು. ಅದು ಕೂದಲಿನ ಪಕ್ಕದಲ್ಲಿ ಮಂಜಿಗಿಂತ ಬಿಳಿಯಾದ ಒಂದು ಸುಳ್ಳು ಗೆರೆ ಹುಟ್ಟಿಸುತ್ತದೆ, ಲೆಕ್ಕ ಅಲ್ಲೇ ದಾರಿ ತಪ್ಪುತ್ತದೆ.

ಎಲೆಯ ಕಡೆ ಮತ್ತೆ ಮ್ಯಾಟಿಂಗ್ ಮಾಡಿ ಪ್ರಯೋಜನವಿಲ್ಲ. ಎಲೆಯ ನೆರಳು ಕೂದಲಷ್ಟೇ ಕಪ್ಪು, ಅಜ್ಜಿಯ ಫೋಟೋದ ತೊಂದರೆಯೇ ಇಲ್ಲಿ ಒಂದು ಮೂಲೆಯಲ್ಲಿದೆ. ಟ್ರೈಮ್ಯಾಪಿನಲ್ಲಿ ಎಲೆ ಪೂರ್ತಿ ಕಪ್ಪು ಮಾಡಿ, ಅಲ್ಲಿನ ಎಳೆಗಳನ್ನು ಬಿಟ್ಟುಕೊಡಿ. ಆಮೇಲೆ ಎರಡು ಪಿಕ್ಸೆಲ್ ಬ್ರಷ್‌ನಲ್ಲಿ, ಪಕ್ಕದ ಕೂದಲಿನ ಬಣ್ಣ ತೆಗೆದುಕೊಂಡು, ನಾಲ್ಕೈದು ಎಳೆ ಕೈಯಿಂದ ಬಿಡಿಸಿ. ಬುಡ ದಪ್ಪ, ತುದಿ ತೆಳು.

ತುದಿ ಕಾಣದಿರುವುದು ತಪ್ಪಲ್ಲ. 50ರ ಮೇಲೆ 48. ಅವಳು ನಿಜವಾಗಿ ಆ ಬಾಗಿಲ ಮುಂದೆ ನಿಂತಿದ್ದರೂ ಕ್ಯಾಮೆರಾಗೆ ಅಷ್ಟೇ ಕಾಣುತ್ತಿತ್ತು. ಗ್ರೂಪಿನಲ್ಲಿ ಬಾಗಿಲ ಹತ್ತಿರ ನಿಂತಿರುವ ಬೇರೆ ಹೆಂಗಸರ ಕೂದಲು ನೋಡಿ. ಅವರ ತಲೆಯ ಅಂಚಿನಲ್ಲಿ ಅಂಗಳದ ಬೆಳಕಿನ ಹೊಳಪು ಇದ್ದರೆ ಇವಳಿಗೂ ಅದೇ ದಿಕ್ಕಿನಿಂದ ಒಂಚೂರು ಕೊಡಿ. ಇಲ್ಲ ಅಂದರೆ ಕೈ ಹಚ್ಚಬೇಡಿ.

ಗೋಣಿಕೊಪ್ಪ ಆಲ್ಬಂ

ನೋಡಿದೆ ಅಕ್ಕ. ಪಕ್ಕದಲ್ಲಿರುವ ಅವಳ ಚಿಕ್ಕಮ್ಮನ ಕೂದಲಿಗೆ ಎಡಗಡೆಯಿಂದ ಸಣ್ಣ ಹೊಳಪಿದೆ, ಬಲಗಡೆ ಪೂರ್ತಿ ಬಾಗಿಲಿನಲ್ಲಿ ಸೇರಿಹೋಗಿದೆ. ಹಾಗೇ ಮಾಡುತ್ತೇನೆ. ಎಲೆ ತೆಗೆದು, ಎಳೆ ಬಿಡಿಸಿ, ನಾಳೆ ಪ್ರಿಂಟಿಗೆ ಮೊದಲು ತಲೆಯ ಭಾಗ ಮಾತ್ರ ಒಂದು ಸಣ್ಣ ಹಾಳೆಯಲ್ಲಿ ಅದೇ ಅಳತೆಗೆ ತೆಗೆದು ನೋಡುತ್ತೇನೆ.

ವಿರಾಜಪೇಟೆ ಫ್ಲೆಕ್ಸ್

ಮ್ಯಾಟ್ ಪೇಪರ್‌ನಲ್ಲೇ ತೆಗೆಯಿರಿ ಅಣ್ಣ, ದೊಡ್ಡದು ಯಾವುದರಲ್ಲಿ ಹಾಕುತ್ತೀರೋ ಅದರಲ್ಲೇ. ಗ್ಲಾಸಿ ಹಾಳೆಯಲ್ಲಿ 48, 50 ಬೇರೆ ಬೇರೆ ಕಂಡರೂ ಮ್ಯಾಟ್‌ನಲ್ಲಿ ಎರಡೂ ಒಂದೇ ಕಪ್ಪಾಗಿ ಕೂರುತ್ತವೆ. ಚಿಕ್ಕಮ್ಮನ ಹೊಳಪು ಎಷ್ಟು ಉಳಿಯುತ್ತದೆ ಅನ್ನೋದು ಆಗಲೇ ಗೊತ್ತಾಗೋದು.